ಪಾಲಕರಿಗೆ ಬರೆದ ಎರಡು ಪತ್ರಗಳು

ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಕನ್ನಡ ಪಂಡಿತನಾದ ನನ್ನಿಂದ ಹಳಗನ್ನಡ ಕಾವ್ಯದ ಒಂದು ಸಂದರ್ಭವನ್ನೋ ವ್ಯಾಕರಣದ ಒಂದು ಜಿಜ್ಞಾಸೆಯನ್ನೋ ಅವರು ನಿರೀಕ್ಷಿಸಿದ್ದರೆಂಬುದು ನನಗೆ ಗೊತ್ತು. ವ್ಯಾಕರಣ ಇಲ್ಲಿಯೂ ಸ್ವಲ್ಪ ಬರುತ್ತದೆ. ಆದರೆ ನಾನು ಬರೆಯಹೊರಟಿರುವುದು, ಸಂಜೆ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಕರೆದೊಯ್ಯಲು ಮೇಲಿಂದ ಮೇಲೆ ತಡವಾಗಿ ಬರುವ ಪಾಲಕರಿಗೆ ನಮ್ಮ ಶಾಲೆಯಿಂದ ಹೋದ ಎರಡು ಪತ್ರಗಳನ್ನು ಕುರಿತು. ಎರಡನ್ನೂ ಬರೆದವನು ನಾನೇ. ಮೊದಲನೆಯದು ತಪ್ಪು ಪತ್ರ.

ನಮ್ಮ ಪ್ರಾಥಮಿಕ ವಿಭಾಗದಲ್ಲಿ ಶಾಲೆ ಬಿಡುವ ಗಂಟೆ 4.20ಕ್ಕೆ. ಐದೇ ನಿಮಿಷದಲ್ಲಿ ಅಂಗಳ ತುಂಬಿ, ಇನ್ನೈದು ನಿಮಿಷದಲ್ಲಿ ಬರಿದಾಗುತ್ತದೆ. ಆಮೇಲೆ ಪಡಸಾಲೆಯ ಮೆಟ್ಟಿಲ ಮೇಲೆ ಮೂರೋ ನಾಲ್ಕೋ ಮಕ್ಕಳು ಉಳಿಯುತ್ತವೆ. ಮೊದಲು ಆಡುತ್ತವೆ, ಆಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ದ್ವಾರದ ಕಡೆಗೆ ನೋಡುತ್ತ ಕೂಡುತ್ತವೆ. ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಈ ನೋಟವೇ ಹೊಸದೆನಿಸಬಹುದು. ಅವರ ಕಾಲದಲ್ಲಿ ಮಕ್ಕಳು ಓಣಿಯವರೊಡನೆ ಗುಂಪುಗೂಡಿ ನಡೆದುಹೋಗುತ್ತಿದ್ದರು. ಕರೆದೊಯ್ಯುವವರೆಂಬ ಮಾತೇ ಇರಲಿಲ್ಲ. ಈಗ ಶಾಲೆಗೂ ಊರಿಗೂ ನಡುವೆ ಹೆದ್ದಾರಿ ಬಂದಿದೆ. ಒಂದನೆಯ ಎರಡನೆಯ ಇಯತ್ತೆಯ ಕೂಸುಗಳನ್ನು ಅದನ್ನು ದಾಟಲು ಬಿಡುವಂತಿಲ್ಲ.

ಹಾಗೆ ಉಳಿದ ಮಕ್ಕಳ ಜೊತೆಗೆ ಒಬ್ಬ ಶಿಕ್ಷಕಿಯೂ ಉಳಿಯಬೇಕಾಗುತ್ತದೆ. ನಮ್ಮಲ್ಲಿ ಬಹುಕಾಲ ಆ ಪಾಳಿ ಒಬ್ಬರೇ ಅಕ್ಕೋರ ಪಾಲಿಗೆ ಬರುತ್ತಿತ್ತು, ಏಕೆಂದರೆ ಅವರು ಒಲ್ಲೆನೆನ್ನುತ್ತಿರಲಿಲ್ಲ. ಅವರ ಊರಿಗೆ 4.50ಕ್ಕೆ ಒಂದು ಬಸ್ಸು. ಅದು ತಪ್ಪಿದರೆ 6.30ಕ್ಕೆ ಇನ್ನೊಂದು. ಅವರಿಗೂ ಮನೆಯಲ್ಲಿ ಐದು ವರ್ಷದ ಮಗನಿದ್ದಾನೆ, ಅವನೂ ಯಾರದೋ ಮನೆಯ ಕಟ್ಟೆಯ ಮೇಲೆ ತಾಯಿಯ ದಾರಿ ಕಾಯುತ್ತಿರುತ್ತಾನೆ. ಇಲ್ಲಿಯ ಒಂದು ಮಗುವಿನ ಅರ್ಧ ತಾಸು ಅಲ್ಲಿಯ ಮಗುವಿಗೆ ಸುಮಾರು ಒಂದೂ ಮುಕ್ಕಾಲು ತಾಸಾಗುತ್ತಿತ್ತು. ಈ ಲೆಕ್ಕವನ್ನು ನಾವು ಯಾರೂ ಹಾಕಿರಲಿಲ್ಲ. ಅವರು ಒಂದು ದಿನ ಶಿಕ್ಷಕರ ಕೊಠಡಿಯಲ್ಲಿ ಕಣ್ಣೀರು ಹಾಕಿದಾಗ ಮುಖ್ಯೋಪಾಧ್ಯಾಯರು ನನ್ನನ್ನು ಕರೆದು, “ಪಂಡಿತರೇ, ಒಂದು ಖಡಕ್ಕಾದ ಪತ್ರ ಬರೆಯಿರಿ” ಎಂದರು.

ನಾನು ಬರೆದುದು ಹೀಗಿತ್ತು: “ಶಾಲೆ ಬಿಟ್ಟ ಕೂಡಲೆ ಪಾಲಕರು ತಮ್ಮ ಮಕ್ಕಳನ್ನು ಕರೆದೊಯ್ಯತಕ್ಕದ್ದು. ತಪ್ಪಿದಲ್ಲಿ ಮಕ್ಕಳಿಗೆ ಒದಗುವ ಯಾವುದೇ ತೊಂದರೆಗೆ ಶಾಲೆಯು ಜವಾಬ್ದಾರವಾಗುವುದಿಲ್ಲ. ಪದೇ ಪದೇ ತಡ ಮಾಡುವವರ ಹೆಸರನ್ನು ಸೂಚನಾ ಫಲಕದಲ್ಲಿ ಬರೆಯಲಾಗುವುದು.” ಇದನ್ನು ಅಚ್ಚು ಹಾಕಿಸಿ ಎಲ್ಲ ಮಕ್ಕಳ ಕೈಯಲ್ಲಿಯೂ ಕೊಟ್ಟೆವು. ಹದಿನೈದು ದಿನಗಳಲ್ಲಿ ಪಡಸಾಲೆ ಬರಿದಾಯಿತು. 4.35ಕ್ಕೆ ಒಂದು ಮಗುವೂ ಇರುತ್ತಿರಲಿಲ್ಲ. ನಾನು ನನ್ನ ಗದ್ಯದ ಬಿಗಿಯನ್ನು ಮನಸ್ಸಿನಲ್ಲಿಯೇ ಮೆಚ್ಚಿಕೊಂಡೆ.

ಒಂದು ತಿಂಗಳಾದ ಮೇಲೆ ನಮ್ಮ ಸಿಪಾಯಿಯು ಯಾವುದೋ ಕೆಲಸಕ್ಕೆ ಬಸ್‌ಸ್ಟ್ಯಾಂಡಿಗೆ ಹೋದವನು, ಸಂಜೆ 5.40ಕ್ಕೆ ಅಲ್ಲಿಯ ಸಿಮೆಂಟಿನ ಬೆಂಚಿನ ಮೇಲೆ ನಮ್ಮ ಶಾಲೆಯ ಸಮವಸ್ತ್ರದ ಎರಡು ಮಕ್ಕಳನ್ನು ಕಂಡನು. ಬೀಡಾ ಅಂಗಡಿಯವನು ಕೊಟ್ಟ ಶೇಂಗಾ ತಿನ್ನುತ್ತ ಕುಳಿತಿದ್ದವು. ಏಕೆ ಇಲ್ಲಿ ಎಂದು ಕೇಳಿದರೆ ಹುಡುಗಿ ಹೇಳಿದ್ದು ಇಷ್ಟು: “ಅವ್ವ ಹೇಳ್ಯಾಳ್ರೀ, ಗಂಟಿ ಹೊಡದ ಕೂಡ್ಲೆ ಬಂದು ಇಲ್ಲಿ ಕುಂದ್ರು ಅಂತ. ಸಾಲ್ಯಾಗ ಕುಂತ್ರ ಹೆಸರು ಬರೀತಾರಂತ.”

ತಡವಾಗಿ ಬರುವುದು ನಿಂತಿರಲಿಲ್ಲ. ಕಾಯುವ ಸ್ಥಳ ಬದಲಾಗಿತ್ತು, ಅಷ್ಟೆ. ಆ ಎರಡು ಮಕ್ಕಳೂ ಯಾರ ಕೈ ಹಿಡಿಯದೆ ಹೆದ್ದಾರಿಯನ್ನು ದಾಟಿದ್ದವು. ಏನೂ ಆಗಲಿಲ್ಲವೆಂಬುದು ನಮ್ಮ ಪುಣ್ಯವೇ ಹೊರತು ನಮ್ಮ ಜಾಣ್ಮೆಯಲ್ಲ. ತಡದ ಪ್ರಕರಣಗಳು ಒಮ್ಮೆಗೇ ಸೊನ್ನೆಗೆ ಇಳಿದರೆ ಸಂತೋಷಪಡುವ ಮೊದಲು ದ್ವಾರದ ಹೊರಗೆ, ಚಹದ ಅಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಒಂದು ಸುತ್ತು ಹಾಕಿ ಬರಬೇಕೆಂಬುದನ್ನು ನಾನು ಅಂದು ಕಲಿತೆ. ದುಡಿಯುವವರ ಬಸ್ಸಿನ ವೇಳೆ ಒಂದು ಪತ್ರದಿಂದ ಬದಲಾಗುವುದಿಲ್ಲವಷ್ಟೆ?

ಅಂದು ರಾತ್ರಿ ನನ್ನ ಪತ್ರವನ್ನು, ಶಿಷ್ಯನೊಬ್ಬನ ಪ್ರಬಂಧವನ್ನು ತಿದ್ದುವಂತೆ ಮುಂದಿಟ್ಟುಕೊಂಡು ಕುಳಿತೆ. “ಕರೆದೊಯ್ಯತಕ್ಕದ್ದು” ಎಂಬುದು ಕಚೇರಿಯ ವಿಧಿರೂಪ. ಹೇಳುವವನಿಗೂ ಕೇಳುವವನಿಗೂ ನಡುವೆ ಮೇಜನ್ನು ಇಡುತ್ತದೆ. “ಬರೆಯಲಾಗುವುದು” ಎಂಬ ಕರ್ಮಣಿ ಪ್ರಯೋಗದಲ್ಲಿ ಕರ್ತೃವಿಲ್ಲ. ಯಾರು ಬರೆಯುವರು? ಮುಖ್ಯೋಪಾಧ್ಯಾಯರೇ, ನಾನೇ, ಅಕ್ಕೋರೇ? ಯಾರೂ ಎದುರಿಗೆ ನಿಲ್ಲದೆ ಬೆದರಿಸಲು ಇದಕ್ಕಿಂತ ಅನುಕೂಲವಾದ ಪ್ರಯೋಗ ಕನ್ನಡದಲ್ಲಿ ಇನ್ನೊಂದಿಲ್ಲ. “ಪದೇ ಪದೇ” ಎಂಬ ದ್ವಿರುಕ್ತಿಯಲ್ಲಿ ಸಂಖ್ಯೆಯಿಲ್ಲ. ಎರಡು ಸಲ ತಡವಾದವರು ಹೆದರಿದರು, ಇಪ್ಪತ್ತು ಸಲ ತಡವಾದವರು ಅದು ಬೇರೆಯವರಿಗೆಂದು ತಿಳಿದರು. ಎಲ್ಲರಿಗೂ ಒಂದೇ ಪತ್ರ ಹೋದುದರಿಂದ ವೇಳೆಗೆ ಸರಿಯಾಗಿ ಬರುವವರಿಗೂ ಬೈಗುಳ ತಲುಪಿತು.

ಇವೆಲ್ಲ ಶೈಲಿಯ ದೋಷಗಳು. ನಡುವಿನ ವಾಕ್ಯದ್ದು ಅದಕ್ಕಿಂತ ದೊಡ್ಡ ದೋಷ, ಅದು ಸುಳ್ಳು. ನಮ್ಮ ಆವಾರದಲ್ಲಿ ಕುಳಿತ ಏಳು ವರ್ಷದ ಮಗುವಿಗೆ 4.21ಕ್ಕೆ ನಾವು ಜವಾಬ್ದಾರರಲ್ಲವೆಂದು ಯಾವ ಶಿಕ್ಷಕನೂ ಮನಸ್ಸಾಕ್ಷಿಯಿಂದ ಹೇಳಲಾರನು. ತಾಯಂದಿರು ಆ ಸುಳ್ಳನ್ನು ನಂಬಿದರು. ಶಾಲೆಗಿಂತ ಬೀಡಾ ಅಂಗಡಿಯವನೇ ಮೇಲೆಂದುಕೊಂಡರು.

ಮುಂದಿನ ಆಡಳಿತ ಮಂಡಳಿಯ ಸಭೆಯಲ್ಲಿ ದಂಡದ ಮಾತು ಬಂದಿತು. ಹದಿನೈದು ನಿಮಿಷ ಮೀರಿದರೆ ಐವತ್ತು ರೂಪಾಯಿ. ನಾನೂ ಕೈ ಎತ್ತುವವನಿದ್ದೆ. ಅಷ್ಟರಲ್ಲಿ ಒಂದು ಸಂಗತಿ ನಡೆಯಿತು. ನಮ್ಮ ಹಳೆಯ ವಿದ್ಯಾರ್ಥಿಯೇ ಆದ ಒಬ್ಬ ವರ್ತಕರಿದ್ದಾರೆ. ಅವರ ಅಂಗಡಿ ಶಾಲೆಯಿಂದ ಎರಡು ಫರ್ಲಾಂಗು ಸಹ ಇಲ್ಲ. ಅವರ ಮಗ ವಾರಕ್ಕೆ ಮೂರು ದಿನವಾದರೂ ಐದೂಕಾಲರವರೆಗೆ ಪಡಸಾಲೆಯಲ್ಲಿರುತ್ತಿದ್ದ. ದಂಡದ ಸುದ್ದಿ ಕಿವಿಗೆ ಬಿದ್ದೊಡನೆ ಅವರು ಸಂತೋಷದಿಂದ ಸಾವಿರ ರೂಪಾಯಿ ಕಳಿಸಿ, “ಈ ಸತ್ರದ್ದು ಮೊದಲೇ ಜಮಾ ಮಾಡಿಕೊಳ್ಳಿರಿ” ಎಂದು ಹೇಳಿಕಳಿಸಿದರು. ಅವರ ಮನಸ್ಸಿನಲ್ಲಿ ಕಪಟವಿರಲಿಲ್ಲ. ಅಲ್ಲಿಯವರೆಗೆ ಸ್ವಲ್ಪವಾದರೂ ಇದ್ದ ಸಂಕೋಚ, ದರ ಗೊತ್ತಾದ ಕೂಡಲೆ ಹೋಯಿತು, ಅಷ್ಟೆ.

ಇದನ್ನು ಪದವಿಪೂರ್ವ ಕಾಲೇಜಿನ ಅರ್ಥಶಾಸ್ತ್ರದ ಉಪನ್ಯಾಸಕರಿಗೆ ಹೇಳಿದಾಗ ಅವರು ನಕ್ಕು, ಇದನ್ನೇ ಪರೀಕ್ಷಿಸಿ ನೋಡಿದವರಿದ್ದಾರೆ ಎಂದರು. 1998ರಲ್ಲಿ ಇಸ್ರೇಲಿನ ಹೈಫಾ ನಗರದ ಹತ್ತು ಶಿಶುವಿಹಾರಗಳಲ್ಲಿ ಊರಿ ಗ್ನೀಝಿ ಮತ್ತು ಆಲ್ಡೊ ರುಸ್ತಿಕಿನಿ ಎಂಬ ಇಬ್ಬರು ವಿದ್ವಾಂಸರು ಇಪ್ಪತ್ತು ವಾರಗಳ ಕಾಲ ಲೆಕ್ಕ ಇಟ್ಟರು. ಅಲ್ಲಿ ಮಕ್ಕಳನ್ನು ಸಂಜೆ 4 ಗಂಟೆಗೆ ಕರೆದೊಯ್ಯಬೇಕು. ಮೊದಲ ನಾಲ್ಕು ವಾರ ಸುಮ್ಮನೆ ನೋಡಿದರು. ಐದನೆಯ ವಾರದಿಂದ ಆರು ವಿಹಾರಗಳಲ್ಲಿ, ಹತ್ತು ನಿಮಿಷಕ್ಕಿಂತ ಹೆಚ್ಚು ತಡವಾದರೆ ಹತ್ತು ಶೆಕೆಲ್ ದಂಡವೆಂದು ಸಾರಿದರು. ಉಳಿದ ನಾಲ್ಕರಲ್ಲಿ ಸಾರಲಿಲ್ಲ. ದಂಡವಿದ್ದ ಕಡೆ ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಕ್ರಮೇಣ ಸುಮಾರು ಇಮ್ಮಡಿಯಾದರು. ಹದಿನೇಳನೆಯ ವಾರದಲ್ಲಿ ದಂಡವನ್ನು ತೆಗೆದುಹಾಕಿದ ಮೇಲೆಯೂ ಅವರು ಮೊದಲಿನಂತಾಗಲಿಲ್ಲ. ಈ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ದಂಡವು ಬೆಲೆಯಾಗಿಬಿಟ್ಟಿತೆಂಬುದು ಅದರ ಸಾರ. ಒಬ್ಬರ ಸೌಜನ್ಯವನ್ನು ದುರುಪಯೋಗಪಡಿಸಿಕೊಳ್ಳುತ್ತಿದ್ದೇನೆಂಬ ಅಳುಕು ಇದ್ದ ಕಡೆ, ಒಂದು ಸೇವೆಯನ್ನು ಕೊಂಡೆನೆಂಬ ನೆಮ್ಮದಿ ಬಂದಿತು.

ಆ ದಂಡ ಸಣ್ಣದಾಗಿತ್ತು. ದೊಡ್ಡದಾಗಿದ್ದರೆ ಬೇರೆ ಫಲ ಬರುತ್ತಿತ್ತೆಂದು ಯಾರಾದರೂ ಹೇಳಬಹುದು. ಬರುತ್ತಿತ್ತೇನೋ. ಆದರೆ ದೊಡ್ಡ ದಂಡವನ್ನು ಯಾರ ಮೇಲೆ ಹಾಕುವುದು? ವರ್ತಕರಿಗೆ ಅದು ಚಹದ ಖರ್ಚು; ಉಡುಪಿನ ಕಾರ್ಖಾನೆಯಲ್ಲಿ ದುಡಿಯುವ ತಾಯಿಗೆ ಅರ್ಧ ದಿನದ ಕೂಲಿ. ಅವಳು ಮಗುವನ್ನು ಮತ್ತೆ ಬಸ್‌ಸ್ಟ್ಯಾಂಡಿನಲ್ಲಿ ಕೂಡಿಸುತ್ತಾಳೆ. ಮಂಡಳಿಯವರು ದಂಡದ ವಿಚಾರವನ್ನು ಕೈಬಿಟ್ಟರು. ವರ್ತಕರ ಸಾವಿರ ರೂಪಾಯಿಯೂ ಮರಳಿ ಹೋಯಿತು.

ಆಮೇಲೆ ನಾವು ಮಾಡಿದ್ದು ಬಹು ಸಾಮಾನ್ಯವಾದ ಕೆಲಸ. ಪಡಸಾಲೆಯಲ್ಲಿ ಒಂದು ನೋಟುಬುಕ್ಕು ಇಟ್ಟೆವು. 4.35ರ ನಂತರ ಉಳಿದ ಮಗುವಿನ ಹೆಸರು, ವಾರ, ಹೊರಟ ವೇಳೆ, ಕರೆದೊಯ್ದವರು ಯಾರು, ಇಷ್ಟೇ. ಕಾರಣದ ಅಂಕಣವನ್ನು ಬೇಕೆಂದೇ ಇಡಲಿಲ್ಲ. ದ್ವಾರದಲ್ಲಿ, ಮಗುವಿನ ಎದುರಿಗೆ ಕಾರಣ ಕೇಳಿದರೆ ತಾಯಿ ಒಂದು ನೆಪವನ್ನು ಹೇಳಬೇಕಾಗುತ್ತದೆ, ಮಗು ಅದನ್ನು ಕೇಳಿಸಿಕೊಳ್ಳುತ್ತದೆ. ಹದಿನೈದು ನಿಮಿಷದ ರಿಯಾಯಿತಿಯನ್ನು ಬಸ್ಸಿಗೂ ಮಳೆಗೂ ಬಿಟ್ಟೆವು. ತಿಂಗಳಲ್ಲಿ ಒಂದೆರಡು ಸಲ ತಡವಾದವರಿಗೆ ಏನನ್ನೂ ಹೇಳಬಾರದು, ಮೂರನೆಯ ಸಲಕ್ಕೆ ಪತ್ರ ಹೋಗಬೇಕು, ಅದು ಆ ಮನೆಯವರಿಗೆ ಮಾತ್ರ ಎಂದು ಗೊತ್ತುಮಾಡಿದೆವು.

ತಿಂಗಳ ಕೊನೆಗೆ ನೋಟುಬುಕ್ಕನ್ನು ಮುಖ್ಯೋಪಾಧ್ಯಾಯರೊಡನೆ ಕುಳಿತು ಓದಿದೆ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಎರಡನೆಯ ಇಯತ್ತೆಯ ಹುಡುಗಿಯ ಹೆಸರು ಒಂಬತ್ತು ಕಡೆ ಇತ್ತು. ಒಂಬತ್ತು ಎಂದರೆ ಹೆಚ್ಚೇ. ಆದರೆ ವಾರದ ಅಂಕಣವನ್ನು ನೋಡಿದಾಗ ಏಳು ಸಲ ಅದು ಮಂಗಳವಾರ ಇಲ್ಲವೆ ಶುಕ್ರವಾರ. ನಿರ್ಲಕ್ಷ್ಯಕ್ಕೆ ವಾರದ ನಿಯಮವಿರುವುದಿಲ್ಲ. ಅಲ್ಲಿ ಏನೋ ಇದೆಯೆಂದುಕೊಂಡು ಶನಿವಾರ ಮಧ್ಯಾಹ್ನ ಆ ಮನೆಗೆ ಹೋದೆವು.

ತಂದೆ ಲಾರಿಯ ಮೇಲೆ ಹೊರಗೆ. ತಾಯಿ ಊರ ಹೊರಗಿನ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ 9ರಿಂದ 5.30ರವರೆಗೆ, ಮನೆ ಸೇರಲು ಆರೂಕಾಲು. ಮಗುವನ್ನು ಕರೆದೊಯ್ಯುವವಳು ಅಜ್ಜಿ. ಆಕೆ ಮಂಗಳವಾರ ಒಂದು ಊರಿನ, ಶುಕ್ರವಾರ ಇನ್ನೊಂದು ಊರಿನ ಸಂತೆಯಲ್ಲಿ ಕಾಯಿಪಲ್ಲೆ ಮಾರುತ್ತಾಳೆ. “ಸಂತಿ ಮುಗಿಯೂತನಕ ಬುಟ್ಟಿ ಬಿಟ್ಟು ಹ್ಯಾಂಗ ಏಳ್ಲಿರೀ ಗುರುಗಳ? ಬುಟ್ಟಿ ಇದ್ರ ಬಸ್ಸಿನವ್ರು ಹತ್ತಿಸ್ಕೊಳ್ಳಾಂಗಿಲ್ಲ” ಎಂದಳು. ಉಳಿದ ಎರಡು ದಿನಗಳಲ್ಲಿ ಅವಳಿಗೆ ಮೊಣಕಾಲು ನೋವು.

ಹಿಂದೆ ಈ ಮಗು ಕಾರ್ಖಾನೆಯ ಕೂಸಿನ ಕೋಣೆಯಲ್ಲಿ ಇರುತ್ತಿತ್ತೆಂದು ತಾಯಿ ಹೇಳಿದಳು. ಸ್ತ್ರೀಯರು ಮೂವತ್ತಕ್ಕಿಂತ ಹೆಚ್ಚು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಅಂಥ ಕೋಣೆ ಇರಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯೇ ವಿಧಿಸಿತ್ತು. 2020ರ ಸಂಹಿತೆಯಲ್ಲಿಯೂ ವಯಸ್ಸಿನ ಮಿತಿ ಆರೇ. ಆರು ತುಂಬಿದ ಮಗು ಆ ಕೋಣೆಯಿಂದ ಹೊರಬಿದ್ದು ನಮ್ಮ ಒಂದನೆಯ ಇಯತ್ತೆಗೆ ಬರುತ್ತದೆ. ನಾವು 4.20ಕ್ಕೆ ಬಿಡುತ್ತೇವೆ, ಕಾರ್ಖಾನೆ 5.30ಕ್ಕೆ. ಆ ಎಪ್ಪತ್ತು ನಿಮಿಷ ಯಾರ ಲೆಕ್ಕದಲ್ಲಿಯೂ ಇಲ್ಲ. ನಾವು “ತಡ” ಎಂದು ಕರೆಯುತ್ತಿದ್ದುದು ಬಹುಮಟ್ಟಿಗೆ ಇದನ್ನೇ.

ಹಾಗೆಂದು ಎಲ್ಲವನ್ನೂ ಒಪ್ಪಿಕೊಂಡು ಬರಲಿಲ್ಲ. ಸಂತೆಯ ದಿನಗಳು ವರ್ಷಕ್ಕೆ ಮೊದಲೇ ಗೊತ್ತಿರುತ್ತವೆ; ಅವನ್ನು ನಮಗೆ ಹೇಳದೆ ಮಗುವನ್ನು ಬಸ್‌ಸ್ಟ್ಯಾಂಡಿಗೆ ಕಳಿಸಿದ್ದು ಸರಿಯಲ್ಲವೆಂದು ಮುಖ್ಯೋಪಾಧ್ಯಾಯರು ಸ್ಪಷ್ಟವಾಗಿಯೇ ಹೇಳಿದರು. ತಾಯಿ ಒಪ್ಪಿದಳು. ಅದೇ ಓಣಿಯ ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಮಂಗಳವಾರ, ಶುಕ್ರವಾರ ಕರೆದುಕೊಂಡು ಹೋಗುವುದೆಂದೂ, ಅವಳ ತಾಯಿಯೇ ಹೆದ್ದಾರಿಯ ಈಚೆ ಬಂದು ಇಬ್ಬರನ್ನೂ ದಾಟಿಸುವುದೆಂದೂ ಮಾತಾಯಿತು. ಇಬ್ಬರು ತಾಯಂದಿರ ಒಪ್ಪಿಗೆಯನ್ನೂ ನೋಟುಬುಕ್ಕಿನಲ್ಲಿ ಬರೆಯಿಸಿ ಸಹಿ ಪಡೆದೆವು. ಹೆಸರು ಬರೆಯಿಸದವರ ಕೈಯಲ್ಲಿ ಮಗುವನ್ನು ಕೊಡುವುದಿಲ್ಲ, ಸೋದರಮಾವನೇ ಬಂದರೂ ಸಹ. ತಡವಾದ ಸಂಜೆಯ ಗಡಿಬಿಡಿಯಲ್ಲಿಯೇ ಈ ನಿಯಮ ಸಡಿಲಾಗುವ ಭಯ ಹೆಚ್ಚು.

ವರ್ತಕರ ಅಂಗಡಿಗೂ ಹೋದೆ. ಅಲ್ಲಿ ಕೇಳುವುದಕ್ಕೆ ಹೆಚ್ಚೇನೂ ಇರಲಿಲ್ಲ, ಹೇಳುವುದಿತ್ತು. ಅವರ ಮಗನಿಗಾಗಿ ಅಕ್ಕೋರು ಯಾವ ಬಸ್ಸನ್ನು ಕಳೆದುಕೊಳ್ಳುತ್ತಾರೆ, ಮನೆ ಮುಟ್ಟುವುದು ಎಷ್ಟು ಗಂಟೆಗೆ ಎಂಬುದನ್ನು ಹೇಳಿದೆ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಶಾಲೆಯಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಾರೆಂದು ತಿಳಿದಿದ್ದರಂತೆ. ಇನ್ನು ಮುಂದೆ ತಡವಾದ ದಿನ ತಾವೇ ಒಳಗೆ ಬಂದು, ಅಂದು ಉಳಿದ ಅಕ್ಕೋರಿಗೆ ತಾವೇ ಕಾರಣ ಹೇಳಬೇಕೆಂದೂ, ಅಂಗಡಿಯ ಹುಡುಗನನ್ನು ಕಳಿಸಿದರೆ ಮಗುವನ್ನು ಕೊಡುವುದಿಲ್ಲವೆಂದೂ ತಿಳಿಸಿದೆ. ಹಳೆಯ ಶಿಷ್ಯ, ಬೇಸರಪಟ್ಟುಕೊಂಡರು. ಆದರೆ ಆ ಸತ್ರದಲ್ಲಿ ಅವರ ಹೆಸರು ಮತ್ತೆ ಬಂದುದು ಎರಡೇ ಸಲ.

ಇಷ್ಟಾದ ಮೇಲೆ ನಾನು ಎರಡನೆಯ ಪತ್ರವನ್ನು ಬರೆದೆ. ಮೂರು ಸಲ ತಡವಾದವರಿಗೆ ಈಗಲೂ ಹೋಗುವುದು ಅದೇ:

“ನಮಸ್ಕಾರಗಳು. ನಿಮ್ಮ ಮಗಳು ಈ ತಿಂಗಳು ಮೂರು ದಿನ ಸಂಜೆ 5 ಗಂಟೆಯ ನಂತರವೂ ಶಾಲೆಯಲ್ಲಿದ್ದಳು. ತಾರೀಖುಗಳನ್ನು ಕೆಳಗೆ ಬರೆದಿದ್ದೇನೆ. ಆ ಮೂರು ದಿನವೂ ಒಬ್ಬ ಅಕ್ಕೋರು ತಮ್ಮ ಬಸ್ಸನ್ನು ಬಿಟ್ಟು ಅವಳ ಜೊತೆಗಿದ್ದರು. ಮುಂದೆಯೂ ನೀವು ಬರುವವರೆಗೆ ಅವಳನ್ನು ಒಂಟಿಯಾಗಿ ಬಿಡುವುದಿಲ್ಲ. ಈ ವಿಷಯದಲ್ಲಿ ಚಿಂತೆ ಬೇಡ. ಆದರೆ 4.35ರೊಳಗೆ ನೀವಾಗಲಿ, ನೀವು ಹೆಸರು ಬರೆಯಿಸಿದವರಾಗಲಿ ಬರಲೇಬೇಕು. ಕೆಲಸದ ವೇಳೆಯಿಂದ ಇದು ಆಗದಿದ್ದರೆ ಅದು ನಿಮ್ಮ ತಪ್ಪಲ್ಲ. ನಮಗೆ ತಿಳಿಸದೆ ಇರುವುದು ಮಾತ್ರ ಸರಿಯಲ್ಲ. ಬರುವ ಶನಿವಾರ ಶಾಲೆ ಬಿಡುವಾಗ ಬಂದು ಭೇಟಿಯಾಗಿರಿ. ರಜೆ ಸಿಗದಿದ್ದರೆ ರಾತ್ರಿ 8ರ ಮೇಲೆ ನನಗೆ ಫೋನ್ ಮಾಡಿರಿ. ಯಾವ ದಿನ ಯಾರು ಬರುವರೆಂಬುದನ್ನು ಇಬ್ಬರೂ ಕೂಡಿ ಗೊತ್ತುಮಾಡೋಣ. ಶಾಲೆಯ ಹೊರಗೆ ನಿಲ್ಲೆಂದು ಮಗುವಿಗೆ ಯಾವ ಕಾರಣಕ್ಕೂ ಹೇಳಬೇಡಿರಿ.” ಕೆಳಗೆ ಮುಖ್ಯೋಪಾಧ್ಯಾಯರ ಸಹಿ, ಹೆಸರು, ಫೋನ್ ಸಂಖ್ಯೆ.

ಇದರಲ್ಲಿ “ಬರಲೇಬೇಕು” ಎಂಬ ಅವಧಾರಣೆ ಒಂದೇ ಕಡೆ ಇದೆ. ಉಳಿದೆಲ್ಲ ಕಡೆ “ಬಂದು ಭೇಟಿಯಾಗಿರಿ”, “ಮಾಡಿರಿ”, “ಗೊತ್ತುಮಾಡೋಣ”. ಬಿಗಿ ಇರಬೇಕಾದುದು ವೇಳೆಯ ವಿಷಯದಲ್ಲಿ ಮಾತ್ರ. ಈ ಪತ್ರವನ್ನು ಮಗುವಿನ ಕೈಯಲ್ಲಿ ಕೊಡುವುದಿಲ್ಲ. ಲಕೋಟೆಯಲ್ಲಿ ಹಾಕಿ ಕರೆದೊಯ್ಯಲು ಬಂದವರಿಗೇ ಕೊಡುತ್ತೇವೆ. ಓದುಬಾರದ ತಾಯಂದಿರಿಗಾಗಿ ಮುಖ್ಯೋಪಾಧ್ಯಾಯರು ಇದನ್ನೇ ತಮ್ಮ ಧ್ವನಿಯಲ್ಲಿ ಹೇಳಿ ಮೊಬೈಲಿಗೆ ಕಳಿಸುತ್ತಾರೆ. ನನ್ನ ಗದ್ಯಕ್ಕಿಂತ ಅವರ ಧ್ವನಿಯೇ ಹೆಚ್ಚು ಕೆಲಸ ಮಾಡುತ್ತದೆಂದು ತೋರುತ್ತದೆ.

ಪಾಳಿಯನ್ನೂ ಈಗ ಹಂಚಿದ್ದೇವೆ. ಊರಲ್ಲೇ ಮನೆಯಿರುವ ಶಿಕ್ಷಕರು ಐದು ಜನ, ವಾರಕ್ಕೊಂದು ದಿನದಂತೆ 5.15ರವರೆಗೆ ಉಳಿಯುತ್ತಾರೆ, ನನ್ನದು ಬುಧವಾರ. ಬೇರೆ ಊರಿನಿಂದ ಬರುವವರಿಗೆ ಪಾಳಿಯಿಲ್ಲ. ಆ ಅಕ್ಕೋರಿಗೆ ಈಗ 4.50ರ ಬಸ್ಸು ಸಿಗುತ್ತದೆ.

ಬಗೆಹರಿಯದೆ ಉಳಿದದ್ದೂ ಇದೆ. ಕಾರ್ಖಾನೆಯಲ್ಲಿ ಮಾಲು ಸಾಗಿಸುವ ವಾರಗಳಲ್ಲಿ ಹೆಚ್ಚಿನ ತಾಸುಗಳ ದುಡಿಮೆಯನ್ನು ಮಧ್ಯಾಹ್ನ 4ರ ಸುಮಾರಿಗೆ ಹೇಳುತ್ತಾರಂತೆ. ಒಳಗೆ ಮೊಬೈಲ್ ಒಯ್ಯಲು ಬಿಡುವುದಿಲ್ಲ. ತಡವಾಗುವ ದಿನ ಮೊದಲೇ ತಿಳಿಸಿರೆಂಬ ನಮ್ಮ ಮಾತು ಅಂದು ನಿರುಪಯೋಗಿ. ಏಳನೆಯ ಇಯತ್ತೆಯ ಹುಡುಗಿ ಮುಂದಿನ ವರ್ಷ ಪ್ರೌಢಶಾಲೆಗೆ ಹೋಗುತ್ತಾಳೆ, ಅಲ್ಲಿಯ ವೇಳೆ ಬೇರೆ. ಇಂಥ ಆರೇಳು ಮಕ್ಕಳಿಗೆ 4.20ರಿಂದ 6.30ರವರೆಗೆ ಒಂದು ಕೋಣೆ, ಒಂದು ದೀಪ, ಒಂದಿಷ್ಟು ಚುರಮುರಿ, ಸಂಬಳ ಪಡೆಯುವ ಒಬ್ಬ ಆಯಾ ಇದ್ದರೆ ಸಾಕು. ಕೋಣೆ ಇದೆ. ಕಳೆದ ವರ್ಷ ಮಹಾದ್ವಾರದ ಕಮಾನಿಗೆ ಕೇಳಿದ್ದಕ್ಕಿಂತ ಹೆಚ್ಚು ದೇಣಿಗೆ ಬಂದಿತು. ಕಮಾನು ಚೆನ್ನಾಗಿಯೇ ಬಂದಿದೆ. ಅದರ ಒಳಗೆ ಕೂಡುವ ಮಕ್ಕಳನ್ನು ನೋಡಿಕೊಳ್ಳುವವಳ ಸಂಬಳಕ್ಕೆ ಮಾತ್ರ ಮಂಡಳಿಯಲ್ಲಿ ಇನ್ನೂ ಬಾಬು ಇಲ್ಲ. ಇದನ್ನು ಓದುವ ದಾನಿಗಳು ಒಂದು ಬುಧವಾರ ಸಂಜೆ 5 ಗಂಟೆಗೆ ಪಡಸಾಲೆಗೆ ಬಂದರೆ ನಾನು ಅಲ್ಲಿಯೇ ಇರುತ್ತೇನೆ.